ಕ್ಲಿನಿಕ್‌ಗೆ 15 ನಿಮಿಷದ ನಡಿಗೆ: ಮ್ಯಾಪ್‌ನಲ್ಲಿ ಆ ಗೆರೆ ಎಲ್ಲಿ ಬೀಳುತ್ತದೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಕ್ಲಿನಿಕ್‌ಗೆ 15 ನಿಮಿಷದಲ್ಲಿ ನಡೆದು ಬರಬಹುದಾದ ಜಾಗವನ್ನು ಮ್ಯಾಪ್‌ನಲ್ಲಿ ತೋರಿಸೋ ಕೆಲಸ ನನಗೆ ಕೊಟ್ಟಿದ್ದಾರೆ. ಮೊದಲು 1.2 ಕಿ.ಮೀ. ಇಟ್ಟುಕೊಂಡು ಸುತ್ತಲೂ ವೃತ್ತ ಎಳೆದೆ. ರೈಲು ಹಳಿಯ ಆಚೆಗಿನ ಮನೆಗಳೂ ಅದರೊಳಗೇ ಬಂದವು. ಆದರೆ ಅಲ್ಲಿಂದ ಬರುವ ಒಬ್ಬ ಅಜ್ಜಿ "ನನಗೆ ಅರ್ಧ ಗಂಟೆ ಬೇಕಪ್ಪಾ" ಅಂತಾರೆ. ಮ್ಯಾಪ್‌ನಲ್ಲಿ ಅಳೆದರೆ ಅವರ ಮನೆ ಬರೀ 450 ಮೀಟರ್. ಆಮೇಲೆ ಕ್ಯೂಜಿಐಎಸ್ ಅನ್ನೋ ಮ್ಯಾಪ್ ಸಾಫ್ಟ್‌ವೇರ್‌ನಲ್ಲಿ ರಸ್ತೆಗಳನ್ನು ಇಳಿಸಿಕೊಂಡು Service area ಹಾಕಿ, 15 ಅಂತ ಕೊಟ್ಟೆ. ಇಳಿಸಿಕೊಂಡಿದ್ದ ಅಷ್ಟೂ ರಸ್ತೆಗೆ ಬಣ್ಣ ಬಂತು! ಯಾವುದನ್ನು ನಂಬಲಿ? ಸಾಫ್ಟ್‌ವೇರ್ ತಪ್ಪಾ, ನಾನು ತಪ್ಪಾ, ಅಜ್ಜಿ ಜಾಸ್ತಿ ಹೇಳ್ತಿದ್ದಾರಾ?

ಉತ್ತರ: ಅಜ್ಜಿ ಸರಿಯಾಗಿಯೇ ಹೇಳುತ್ತಿದ್ದಾರೆ. ಅವರ ಅರ್ಧ ಗಂಟೆ ಎಲ್ಲಿಂದ ಬಂತು ಅಂತ ಮುಂದೆ ಲೆಕ್ಕ ಮಾಡಿ ತೋರಿಸುತ್ತೇನೆ. ಸಾಫ್ಟ್‌ವೇರ್‌ನಲ್ಲೂ ತಪ್ಪಿಲ್ಲ. ನೀವು ಕೇಳಿದ್ದಕ್ಕೆ ಅದು ಉತ್ತರ ಕೊಟ್ಟಿದೆ. ಆದರೆ ನೀವು ಕೇಳಬೇಕು ಅಂದುಕೊಂಡಿದ್ದೇ ಬೇರೆ, ಕೇಳಿದ್ದೇ ಬೇರೆ.

ಮೊದಲು ವೃತ್ತವನ್ನು ನೋಡೋಣ. "ವೃತ್ತ ಪಕ್ಕಾ ಅಲ್ಲ, ಆದರೆ ಅಂದಾಜಿಗೆ ಸಾಕು" ಅನ್ನುವ ಮಾತು ಈ ಕೆಲಸದಲ್ಲಿ ತುಂಬಾ ಕೇಳಿಬರುತ್ತದೆ. ಸಾಕಾಗುವುದಿಲ್ಲ. ಗಂಟೆಗೆ 4.8 ಕಿ.ಮೀ. ವೇಗದಲ್ಲಿ ನಡೆದರೆ ನಿಮಿಷಕ್ಕೆ 80 ಮೀಟರ್, 15 ನಿಮಿಷಕ್ಕೆ 1,200 ಮೀಟರ್. ಆ ಅಳತೆಯ ವೃತ್ತದ ವಿಸ್ತೀರ್ಣ ಸುಮಾರು 4.5 ಚದರ ಕಿ.ಮೀ. ಈಗ ರಸ್ತೆಗಳೆಲ್ಲ ಚದುರಂಗದ ಮಣೆಯ ಹಾಗೆ ನೇರವಾಗಿವೆ, ಎಲ್ಲೂ ಅಡ್ಡಿ ಇಲ್ಲ ಅಂತ ಇಟ್ಟುಕೊಳ್ಳಿ. ಆಗಲೂ ಜನ ಮೂಲೆಯಿಂದ ಮೂಲೆಗೆ ಹಾರಲು ಆಗುವುದಿಲ್ಲ, ಬೀದಿ ಹಿಡಿದು ತಿರುಗಿಯೇ ಹೋಗಬೇಕು. ಆದ್ದರಿಂದ ತಲುಪಬಹುದಾದ ಜಾಗ ವೃತ್ತವಾಗದೆ, ಮೂಲೆಯ ಮೇಲೆ ನಿಲ್ಲಿಸಿದ ಚೌಕದ ಆಕಾರಕ್ಕೆ ಬರುತ್ತದೆ. ಅದರ ವಿಸ್ತೀರ್ಣ ಸುಮಾರು 2.9 ಚದರ ಕಿ.ಮೀ. ಅಂದರೆ ವೃತ್ತದ ಶೇ. 64ರಷ್ಟು. ಅಡ್ಡಿಯೇ ಇಲ್ಲದ ಊರಿನ ಕಥೆ ಇದು. ಹಳಿ, ಹೊಳೆ, ದೊಡ್ಡ ಕಾಂಪೌಂಡು, ಕೊನೆಯಲ್ಲಿ ಮುಚ್ಚಿಹೋಗುವ ಬೀದಿಗಳು ಇದ್ದರೆ ಇನ್ನೂ ಕಮ್ಮಿ. ನಿಮ್ಮ ಕೊನೆಯ ಮ್ಯಾಪ್ ವೃತ್ತದ ಶೇ. 90ರಷ್ಟು ಬಂದರೆ ಖುಷಿ ಪಡಬೇಡಿ, ತಪ್ಪು ಎಲ್ಲಿದೆ ಅಂತ ಹುಡುಕಿ.

ನಿಮಗೆ ಬೇಕಿರುವುದು ಐಸೋಕ್ರೋನ್, ಅಂದರೆ ಒಂದೇ ಸಮಯದಲ್ಲಿ ತಲುಪುವ ಜಾಗಗಳನ್ನು ಸೇರಿಸಿದ ಗೆರೆ. ಅದು ದೂರದ ಗೆರೆ ಅಲ್ಲ, ಸಮಯದ ಗೆರೆ. ಹಾಗಾಗಿ ರಸ್ತೆಗಳ ಜಾಲದ ಮೇಲೆಯೇ ಲೆಕ್ಕ ಹಾಕಬೇಕು. ನೀವು ಹಿಡಿದ ದಾರಿ ಸರಿಯಾಗಿಯೇ ಇದೆ.

ಹಾಗಾದರೆ ಎಲ್ಲ ರಸ್ತೆಗೂ ಬಣ್ಣ ಯಾಕೆ ಬಂತು? Path type ಅನ್ನು ನೀವು Fastest ಅಂತ ಇಟ್ಟಿರಬೇಕು. ಆಗ Travel cost ಗಂಟೆಯ ಲೆಕ್ಕದಲ್ಲಿರುತ್ತದೆ, ನಿಮಿಷದಲ್ಲಲ್ಲ. ನೀವು 15 ಗಂಟೆ ಕೇಳಿದ್ದೀರಿ. ಜೊತೆಗೆ ಅಲ್ಲಿನ Default speed ಮೊದಲೇ 50 ಅಂತ ಇರುತ್ತದೆ, ಅದು ಗಂಟೆಗೆ 50 ಕಿ.ಮೀ. ಒಟ್ಟು 750 ಕಿ.ಮೀ. ಹೋಗಬಹುದು ಅಂತ ಲೆಕ್ಕವಾಯಿತು, ನೀವು ಇಳಿಸಿಕೊಂಡ ರಸ್ತೆಗಳು ಅದಕ್ಕೆ ಮೊದಲೇ ಮುಗಿದುಹೋದವು! 15 ನಿಮಿಷಕ್ಕೆ 0.25 ಅಂತ ಕೊಡಿ, ವೇಗಕ್ಕೆ 4.8 ಕೊಡಿ. ಅಕಸ್ಮಾತ್ Shortest ಇಟ್ಟಿದ್ದರೆ ಅಲ್ಲಿ ಕೊಡುವುದು ದೂರ, ಅದೂ ಲೇಯರ್‌ನ ಅಳತೆಯಲ್ಲಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಇಳಿಸಿದ ರಸ್ತೆಗಳ ಅಳತೆ ಡಿಗ್ರಿಯಲ್ಲಿರುತ್ತದೆ. ಒಂದು ಡಿಗ್ರಿ ಅಕ್ಷಾಂಶ ಅಂದರೆ ಸುಮಾರು 111 ಕಿ.ಮೀ. 15 ಡಿಗ್ರಿ ಕೇಳಿದರೂ ಫಲಿತಾಂಶ ಇದೇ ಆಗುತ್ತದೆ. ಅದಕ್ಕೇ ಎಲ್ಲಕ್ಕಿಂತ ಮೊದಲು ರಸ್ತೆಗಳ ಲೇಯರನ್ನು Reproject layer ಬಳಸಿ ನಿಮ್ಮ ಜಾಗದ ಯುಟಿಎಂ ವಲಯಕ್ಕೆ ಬದಲಿಸಿಕೊಳ್ಳಿ. ಆಮೇಲೆ ಅಳತೆಗಳೆಲ್ಲ ಮೀಟರ್‌ನಲ್ಲಿ ಸಿಗುತ್ತವೆ.

ನಡೆಯಲು ಆಗದ ರಸ್ತೆಗಳನ್ನೂ ತೆಗೆಯಬೇಕು. ಲೇಯರ್‌ನ ಫಿಲ್ಟರ್‌ನಲ್ಲಿ ಇಷ್ಟು ಸಾಕು:

```
"highway" NOT IN ('motorway', 'motorway_link', 'construction', 'proposed')
```

ಒನ್‌ವೇ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನಡೆಯುವವರಿಗೆ ಅದು ಅನ್ವಯಿಸುವುದಿಲ್ಲ. Direction field ಖಾಲಿ ಬಿಡಿ.

ಇಷ್ಟು ಸರಿ ಮಾಡಿ ಮತ್ತೆ ಓಡಿಸಿದರೆ ಮ್ಯಾಪ್ ನೋಡಲು ಚೆನ್ನಾಗಿಯೇ ಬರುತ್ತದೆ. ನನಗೆ ಭಯ ಇರುವುದು ಇಲ್ಲೇ. ಎಲ್ಲ ರಸ್ತೆಗೆ ಬಣ್ಣ ಬಂದಾಗ ತಪ್ಪು ಅಂತ ಯಾರಿಗಾದರೂ ಗೊತ್ತಾಗುತ್ತದೆ. ನಾಲ್ಕು ನಿಮಿಷದ ತಪ್ಪು ಹಾಗೆ ಕಣ್ಣಿಗೆ ಬೀಳುವುದಿಲ್ಲ.

ನನಗೇ ಆದದ್ದನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಕ್ಲಿನಿಕ್‌ಗೆ ಇದೇ ಮ್ಯಾಪ್ ಮಾಡಿಕೊಟ್ಟಿದ್ದೆ. ಶುರುವಿನ ಬಿಂದುವನ್ನು ಕಟ್ಟಡದ ನಟ್ಟ ನಡುವೆ ಇಟ್ಟಿದ್ದೆ. ಸಾಫ್ಟ್‌ವೇರ್‌ಗೆ ಕಟ್ಟಡ, ಬಾಗಿಲು ಯಾವುದೂ ಗೊತ್ತಿಲ್ಲ. ಕೊಟ್ಟ ಬಿಂದುವಿಗೆ ಹತ್ತಿರ ಯಾವ ರಸ್ತೆ ಇದೆಯೋ ಅದಕ್ಕೆ ಅಂಟಿಸಿಕೊಳ್ಳುತ್ತದೆ, ಅಲ್ಲಿಂದ ನಡಿಗೆ ಶುರು ಮಾಡುತ್ತದೆ. ಆ ಕಟ್ಟಡಕ್ಕೆ ಹತ್ತಿರ ಇದ್ದದ್ದು ಹಿಂದಿನ ರಸ್ತೆ. ನಡುವೆ ಆಳೆತ್ತರದ ಗೋಡೆ. ಗೇಟು ಇದ್ದದ್ದು ಮುಂದಿನ ಕಡೆ, ಸುತ್ತಿ ಬಂದರೆ 350 ಮೀಟರ್. ಮ್ಯಾಪನ್ನು ಗೋಡೆಗೆ ಅಂಟಿಸಿದ ದಿನವೇ ಅಲ್ಲಿನ ಒಬ್ಬರು ಆರೋಗ್ಯ ಕಾರ್ಯಕರ್ತೆ ಬೆರಳಿಟ್ಟು, "ಈ ಕಡೆ ಬಾಗಿಲೇ ಇಲ್ಲವಲ್ಲ ಸರ್, ಈ ಮನೆಯವರು ಹೇಗೆ ಬರ್ತಾರೆ?" ಅಂದರು. ಹಿಂದಿನ ಬೀದಿಗಳಿಗೆಲ್ಲ ನಾಲ್ಕು ನಿಮಿಷಕ್ಕೂ ಹೆಚ್ಚು ಸಮಯ ನಾನು ಪುಕ್ಕಟೆಯಾಗಿ ಕೊಟ್ಟಿದ್ದೆ. ಮುಂದಿನ ಬೀದಿಗಳಿಂದ ಅಷ್ಟೇ ಸಮಯ ಕಿತ್ತುಕೊಂಡಿದ್ದೆ.

ಆವತ್ತಿನಿಂದ ನಾನು ಬಿಂದುವನ್ನು ಗೇಟಿನ ಎದುರು, ರಸ್ತೆಯ ಗೆರೆಯ ಮೇಲೆಯೇ ಇಡುತ್ತೇನೆ. ಎರಡು ಗೇಟು ಇದ್ದರೆ ಎರಡು ಬಿಂದು ಇಟ್ಟು Service area (from layer) ಬಳಸಿ, ಬಂದ ಗೆರೆಗಳನ್ನು ಸೇರಿಸಬೇಕು. ಒಂದು ಗೇಟು ಮಧ್ಯಾಹ್ನದ ಮೇಲೆ ಮುಚ್ಚುವುದಾದರೆ ಅದು ಬೇರೆಯೇ ಮ್ಯಾಪ್. ಗೇಟಿನಿಂದ ಒಳಗೆ ಚೀಟಿ ಕೊಡುವ ಕೌಂಟರ್‌ವರೆಗಿನ ನಡಿಗೆ ಈ ಲೆಕ್ಕಕ್ಕೆ ಸೇರುವುದಿಲ್ಲ. ಅದನ್ನು ನಡೆದು ನೋಡಿ. ಒಂದು ನಿಮಿಷ ಹಿಡಿದರೆ ರಸ್ತೆಗೆ ಉಳಿಯುವುದು 14 ನಿಮಿಷ, ಅಂದರೆ 0.25 ಬದಲು 0.233.

ಈಗ ಹಳಿ. ನಿಮ್ಮ ಮ್ಯಾಪ್‌ನ ಅರ್ಧ ಹಣೆಬರಹ ಅಲ್ಲಿದೆ. ಹಳಿ ದಾಟಲು ಎಲ್ಲೆಲ್ಲಿ ದಾರಿ ಇದೆ ಅಂತ ಮೊದಲು ಕಾಗದದ ಮೇಲೆ ಬರೆದುಕೊಳ್ಳಿ: ಕಾಲು ಸೇತುವೆ, ಕೆಳಸೇತುವೆ, ಗೇಟು. ಆಮೇಲೆ ಅವೆಲ್ಲ ಮ್ಯಾಪ್‌ನಲ್ಲಿ ಇವೆಯಾ ಅಂತ ಒಂದೊಂದಾಗಿ ನೋಡಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ವಾಹನದ ರಸ್ತೆಗಳು ಸಾಮಾನ್ಯವಾಗಿ ಸಿಗುತ್ತವೆ. ಮೆಟ್ಟಿಲು, ಓಣಿ, ಗೋಡೆಯ ಸಂದಿಯ ಕಾಲುದಾರಿ ಎಷ್ಟೋ ಕಡೆ ಇರುವುದಿಲ್ಲ. ಒಂದು ಕಾಲು ಸೇತುವೆ ಬಿಟ್ಟುಹೋದರೆ ಆಚೆ ಕಡೆಯ ಮನೆಗಳೆಲ್ಲ ಒಟ್ಟಿಗೇ ಮಾಯವಾಗುತ್ತವೆ.

ಇಲ್ಲಿ ಇನ್ನೊಂದು ಗುಂಡಿ ಇದೆ. ಸೇತುವೆಯ ಗೆರೆ ತೆರೆಯ ಮೇಲೆ ಕಾಣುತ್ತದೆ, ಆದರೆ ನಡಿಗೆ ಅದನ್ನು ಹತ್ತುವುದೇ ಇಲ್ಲ. ಎರಡು ಗೆರೆ ಒಂದನ್ನೊಂದು ಮುಟ್ಟಿದ ಹಾಗೆ ಕಂಡರೆ ಸಾಲದು, ಎರಡಕ್ಕೂ ಸೇರಿದ ಒಂದು ಬಿಂದು ಅಲ್ಲಿ ಇರಬೇಕು. ಹಾಗಿದ್ದರೆ ಮಾತ್ರ ಸಾಫ್ಟ್‌ವೇರ್ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಈ ನಿಯಮ ಒಳ್ಳೆಯದೇ. ಇಲ್ಲದಿದ್ದರೆ ಮೇಲ್ಸೇತುವೆಯಿಂದ ಕೆಳಗಿನ ರಸ್ತೆಗೆ ಧುಮುಕಿದ ಹಾಗೆ ಲೆಕ್ಕವಾಗುತ್ತಿತ್ತು. ಆದರೆ ನೀವು ಕೈಯಾರೆ ಕಾಲುದಾರಿ ಸೇರಿಸುವಾಗ ಅದರ ತುದಿ ರಸ್ತೆಯಿಂದ ಅರ್ಧ ಮೀಟರ್ ದೂರ ನಿಂತರೂ ದಾರಿ ಕಡಿದ ಹಾಗೆಯೇ. ಗೆರೆ ಎಳೆಯುವ ಮೊದಲು Snapping ಮತ್ತು Topological Editing ಎರಡನ್ನೂ ಆನ್ ಮಾಡಿ. ಅನುಮಾನ ಬಂದರೆ Shortest path (point to point) ತೆಗೆದುಕೊಂಡು ಹಳಿಯ ಈಚೆಯಿಂದ ಆಚೆಗೆ ದಾರಿ ಕೇಳಿ. ಸೇತುವೆ ಬಿಟ್ಟು ಎಲ್ಲೋ ಸುತ್ತಿಕೊಂಡು ಹೋದರೆ ಅಲ್ಲಿ ಗಂಟು ಬಿದ್ದಿಲ್ಲ ಅಂತ ಅರ್ಥ.

ಸೇತುವೆ ಸೇರಿತು. ಆದರೆ ಮೆಟ್ಟಿಲು ಹತ್ತಿ ಇಳಿಯುವುದು ಸಮತಟ್ಟು ರಸ್ತೆಯ ನಡಿಗೆ ಅಲ್ವಲ್ಲ? ಮ್ಯಾಪ್‌ನಲ್ಲಿ ಸೇತುವೆಯ ಗೆರೆ 60 ಮೀಟರ್ ಇದೆ ಅಂದುಕೊಳ್ಳಿ. ನಿಮಿಷಕ್ಕೆ 80 ಮೀಟರ್ ಲೆಕ್ಕದಲ್ಲಿ ಅದು ಮುಕ್ಕಾಲು ನಿಮಿಷ. ಗಡಿಯಾರ ಹಿಡಿದು ಹತ್ತಿ ಇಳಿದರೆ ಎರಡು ನಿಮಿಷ ಆಗುತ್ತದೆ ಅನ್ನೋಣ. 60 ಮೀಟರ್‌ಗೆ ಎರಡು ನಿಮಿಷ ಅಂದರೆ ಗಂಟೆಗೆ 1.8 ಕಿ.ಮೀ. ಈ ವೇಗವನ್ನು ಆ ಗೆರೆಗೆ ಮಾತ್ರ ಕೊಡಬಹುದು. Field calculator ತೆರೆದು speed ಅಂತ ದಶಮಾಂಶ ಸಂಖ್ಯೆಯ ಹೊಸ ಕಾಲಂ ಮಾಡಿ, ಇದನ್ನು ಹಾಕಿ:

```
CASE WHEN "highway" = 'steps' THEN 1.8 ELSE 4.8 END
```

ಆಮೇಲೆ Service area ಒಳಗೆ Speed field ಎಂಬಲ್ಲಿ ಈ ಕಾಲಂ ಆರಿಸಿ. ಸೇತುವೆಯ ಮೇಲಿನ ಸಮತಟ್ಟು ಭಾಗ ಬೇರೆ ಗೆರೆಯಾಗಿ, ಬೇರೆ ಹೆಸರಲ್ಲಿ ಇದ್ದರೆ ಅದಕ್ಕೆ ಕೈಯಾರೆ ವೇಗ ತುಂಬಿ. ಒಟ್ಟು ಎರಡು ನಿಮಿಷ ಬಂದರೆ ಆಯಿತು. ದೊಡ್ಡ ರಸ್ತೆ ದಾಟಲು ಕಾಯಬೇಕಾದ ಕಡೆಯೂ ಇದೇ ಉಪಾಯ ಮಾಡಬಹುದು. ದಾಟುವ ತುಂಡು ಗೆರೆಗೆ ಕಾಯುವ ಸಮಯವೂ ಸೇರುವ ಹಾಗೆ ವೇಗ ಇಳಿಸಿ.

ಈಗ ಅಜ್ಜಿಯ ದಾರಿಯನ್ನು ಲೆಕ್ಕ ಹಾಕೋಣ. ನಿಮ್ಮ ಜಾಗದ ಅಳತೆ ನನ್ನ ಹತ್ತಿರ ಇಲ್ಲ. ನೇರ ದೂರ 450 ಮೀಟರ್ ಇರುವ ಕಡೆ ದಾರಿ ಹೇಗಿರಬಹುದು ಅಂತ ಒಂದು ಉದಾಹರಣೆ ತೆಗೆದುಕೊಂಡಿದ್ದೇನೆ. ನೀವು ಅಳೆದು ನಿಮ್ಮ ಅಂಕಿ ಹಾಕಿಕೊಳ್ಳಿ. ಮನೆಯಿಂದ ಸೇತುವೆಯ ಬುಡಕ್ಕೆ 640 ಮೀಟರ್. ಸೇತುವೆ ದಾಟಿ ಇಳಿದ ಮೇಲೆ ಗೇಟಿಗೆ 480 ಮೀಟರ್. ಗೇಟಿನಿಂದ ಕೌಂಟರ್‌ಗೆ 80 ಮೀಟರ್. ಗಟ್ಟಿಮುಟ್ಟಾದ ಒಬ್ಬರಿಗೆ ಇದು 8 ನಿಮಿಷ, ಸೇತುವೆಗೆ 2, ಆಮೇಲೆ 6, ಕೊನೆಗೆ 1. ಒಟ್ಟು 17 ನಿಮಿಷ. ಅಂದರೆ 450 ಮೀಟರ್ ಹತ್ತಿರದ ಈ ಮನೆ, ಚೆನ್ನಾಗಿ ನಡೆಯುವವರ ಲೆಕ್ಕದಲ್ಲೂ 15 ನಿಮಿಷದ ಗೆರೆಯ ಹೊರಗೇ ಬೀಳುತ್ತದೆ.

ಅಜ್ಜಿ ಆ ವೇಗದಲ್ಲಿ ನಡೆಯುವುದಿಲ್ಲ. ವಯಸ್ಸಾದವರು, ಮಂಡಿ ನೋವಿರುವವರು ಸೆಕೆಂಡಿಗೆ 0.8 ಮೀಟರ್ ನಡೆಯುವುದು ತೀರಾ ಸಾಮಾನ್ಯ. ಅದು ನಿಮಿಷಕ್ಕೆ 48 ಮೀಟರ್. 640 ಮೀಟರ್‌ಗೆ 13 ನಿಮಿಷ ದಾಟುತ್ತದೆ, 480ಕ್ಕೆ 10, ಕೊನೆಯ 80ಕ್ಕೆ ಒಂದೂಮುಕ್ಕಾಲು. ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಇಟ್ಟು, ಮೇಲೆ ಹೋಗಿ ಒಂದು ಕ್ಷಣ ನಿಂತು ಉಸಿರು ತೆಗೆದುಕೊಂಡು ಇಳಿಯುವುದಕ್ಕೆ 4 ನಿಮಿಷ ಹಿಡಿಯಿರಿ. ಕೂಡಿಸಿದರೆ 29 ನಿಮಿಷ. ಅಜ್ಜಿ ಹೇಳಿದ ಅರ್ಧ ಗಂಟೆ ಇದೇ.

ವೇಗದ ವಿಷಯಕ್ಕೆ ಬಂದರೆ, ಜನ ಇದನ್ನು ಸಣ್ಣ ಆಯ್ಕೆ ಅಂದುಕೊಳ್ಳುತ್ತಾರೆ. ಆನ್‌ಲೈನ್ ಸೇವೆಗಳು ಗಂಟೆಗೆ 5 ಕಿ.ಮೀ. ಆಸುಪಾಸಿನ ಒಂದು ವೇಗವನ್ನು ಮೊದಲೇ ಇಟ್ಟುಕೊಂಡಿರುತ್ತವೆ. ನಾವು ಸುಮ್ನೆ ಒಪ್ಪಿಕೊಂಡುಬಿಡುತ್ತೇವೆ. ಆದರೆ ವೇಗ ಸೆಕೆಂಡಿಗೆ 0.8 ಮೀಟರ್‌ಗೆ ಇಳಿದರೆ 15 ನಿಮಿಷಕ್ಕೆ ಸಿಗುವುದು 1,200 ಮೀಟರ್ ಅಲ್ಲ, 720 ಮೀಟರ್. ಜಾಗ ಎರಡೂ ಕಡೆಗೆ ಕುಗ್ಗುವುದರಿಂದ ವಿಸ್ತೀರ್ಣ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಉಳಿಯುತ್ತದೆ. ಕ್ಲಿನಿಕ್‌ಗೆ ಬರುವವರು ಯಾರು ಅಂತ ಯೋಚಿಸಿ. ಜ್ವರ ಬಂದವರು, ತುಂಬು ಗರ್ಭಿಣಿಯರು, ಮಗುವನ್ನು ಎತ್ತಿಕೊಂಡವರು, ವಯಸ್ಸಾದವರು. ಕ್ಲಿನಿಕ್ ಮ್ಯಾಪ್‌ಗೆ ಒಂದೇ ವೇಗ ಸಾಲದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎರಡು ಗೆರೆ ಎಳೆಯಿರಿ. 4.8 ಕಿ.ಮೀ. ವೇಗದ್ದು ಒಂದು, ನಿಧಾನ ನಡೆಯುವವರದ್ದು ಇನ್ನೊಂದು. ನಿಧಾನದ ಗೆರೆಗೆ speed ಕಾಲಂನಲ್ಲಿ 4.8 ಇದ್ದ ಕಡೆ 2.9 ಹಾಕಿ, ಮೆಟ್ಟಿಲಿಗೆ 0.9 ಹಾಕಿ. ಕೌಂಟರ್‌ವರೆಗಿನ ನಡಿಗೆಗೆ ಒಂದು ನಿಮಿಷದ ಬದಲು ಒಂದೂಮುಕ್ಕಾಲು ಕಳೆಯಿರಿ, ಆಗ 0.233 ಬದಲು 0.22 ಆಗುತ್ತದೆ.

ನಿಮ್ಮ ಜಾಗದಲ್ಲಿ ಏರು ಇದ್ದರೆ ಇನ್ನೊಂದು ಮಾತು. ಟೋಬ್ಲರ್ ಅವರ ಸೂತ್ರದ ಪ್ರಕಾರ ಸಮತಟ್ಟಿನಲ್ಲಿ ಗಂಟೆಗೆ ಸುಮಾರು 5 ಕಿ.ಮೀ. ನಡೆಯುವವರು, 100 ಮೀಟರ್‌ಗೆ 10 ಮೀಟರ್ ಏರುವ ರಸ್ತೆಯಲ್ಲಿ 3.5ಕ್ಕೆ ಇಳಿಯುತ್ತಾರೆ. ಅದೇ ರಸ್ತೆಯಲ್ಲಿ ಇಳಿಯುವಾಗ ಮತ್ತೆ 5ರ ಹತ್ತಿರ. ಹಾಗಾಗಿ ಕ್ಲಿನಿಕ್ ದಿಣ್ಣೆಯ ಮೇಲಿದ್ದರೆ "ಕ್ಲಿನಿಕ್‌ನಿಂದ" 15 ನಿಮಿಷ ಮತ್ತು "ಕ್ಲಿನಿಕ್‌ಗೆ" 15 ನಿಮಿಷ ಎರಡೂ ಒಂದೇ ಅಲ್ಲ. ನಿಮಗೆ ಬೇಕಾಗಿರುವುದು ಎರಡನೆಯದು, ಕಾಯಿಲೆ ಇಟ್ಟುಕೊಂಡು ಹತ್ತುವ ದಾರಿಯ ಸಮಯ. ನೆಲ ಸಮತಟ್ಟಾಗಿದ್ದರೆ ಇದನ್ನು ಮರೆತುಬಿಡಿ.

ಲೆಕ್ಕ ಮುಗಿದ ಮೇಲೆ ಸಿಗುವುದು ಗೆರೆಗಳ ಜಾಲ, ಪ್ರದೇಶ ಅಲ್ಲ. ಮ್ಯಾಪ್ ಕೇಳಿದವರಿಗೆ ತುಂಬಿದ ಆಕಾರ ಬೇಕಿರುತ್ತದೆ. ಆ ಜಾಲವನ್ನು ಆಕಾರ ಮಾಡುವಾಗ ಇಲ್ಲಿಯವರೆಗಿನ ಎಚ್ಚರಿಕೆಯೆಲ್ಲ ಒಂದೇ ಕ್ಲಿಕ್‌ನಲ್ಲಿ ಹಾಳಾಗಬಹುದು. Convex hull ಅಂದರೆ ಹೊರಗಿನ ತುದಿಗಳ ಸುತ್ತ ರಬ್ಬರ್ ಬ್ಯಾಂಡ್ ಹಾಕಿದ ಹಾಗೆ. ಸೇತುವೆ ದಾಟಿದ ಒಂದೇ ಒಂದು ಬೀದಿ ಸಾಕು, ರಬ್ಬರ್ ಬ್ಯಾಂಡ್ ಆ ತುದಿಯವರೆಗೂ ಎಳೆದುಕೊಂಡು ಅಜ್ಜಿಯ ಮನೆಯನ್ನು ಮತ್ತೆ ಒಳಗೆ ಸೇರಿಸಿಕೊಳ್ಳಬಹುದು. ವೃತ್ತದ ತಪ್ಪೇ ಬೇರೆ ವೇಷದಲ್ಲಿ ಬಂತು ಅಷ್ಟೇ. Concave hull ಒಳಗೆ ಬಳುಕಿಕೊಂಡು ಹೋಗುತ್ತದೆ, ನೋಡಲು ಅಚ್ಚುಕಟ್ಟು. ಆದರೆ ಎಷ್ಟು ಬಳುಕಬೇಕು ಎಂಬ ಅಂಕಿಯನ್ನು ನೀವೇ ಕೊಡಬೇಕು. ಅದನ್ನು ಸ್ವಲ್ಪ ಆಚೆ ಈಚೆ ಮಾಡಿದರೆ ಮನೆಗಳು ಒಳಗೆ ಹೊರಗೆ ಆಗುತ್ತವೆ, ಯಾಕೆ ಅಂತ ಯಾರಿಗೂ ವಿವರಿಸಲು ಬರುವುದಿಲ್ಲ.

ನಾನು ಬಳಸುವುದು Buffer. ತಲುಪಿದ ಗೆರೆಗಳ ಎರಡೂ ಪಕ್ಕಕ್ಕೆ 30 ಮೀಟರ್ ಕೊಟ್ಟು, Dissolve result ಗುರುತು ಹಾಕುತ್ತೇನೆ. ರಸ್ತೆಗೆ ಮುಖ ಮಾಡಿದ ಮನೆಗಳು ಅದರಲ್ಲಿ ಬರುತ್ತವೆ. ಆಕಾರ ಬೇರು ಬಿಟ್ಟ ಹಾಗೆ ಕಾಣುತ್ತದೆ, ನಡುವೆ ತೂತುಗಳಿರುತ್ತವೆ. ಚೆನ್ನಾಗಿಲ್ಲ ಅಂತ ದೂರು ಬರುತ್ತದೆ. ಆದರೆ ನಡೆದು ತಲುಪದ ಜಾಗಕ್ಕೆ ಅದು ಬಣ್ಣ ಹಚ್ಚುವುದು ತೀರಾ ಕಮ್ಮಿ. ಒಂದೇ ಎಚ್ಚರಿಕೆ: ಹಳಿಯ ಪಕ್ಕದಲ್ಲೇ ಓಡುವ ರಸ್ತೆಯ 30 ಮೀಟರ್ ಹಳಿ ದಾಟಿ ಆಚೆಗೂ ಚಾಚಬಹುದು. ಅಲ್ಲಿ ಕೈಯಾರೆ ಕತ್ತರಿಸಿ.

ಕೊಡುವ ಮೊದಲು ಒಂದು ಬೆಳಗ್ಗೆ ಇದಕ್ಕೆ ಮೀಸಲಿಡಿ. ಗೆರೆ ಬಿದ್ದಿರುವ ಕಡೆ ಐದಾರು ಜಾಗ ಆರಿಸಿಕೊಳ್ಳಿ, ಬೇರೆ ಬೇರೆ ದಿಕ್ಕಿನಲ್ಲಿ, ಹಳಿಯ ಆಚೆ ಕಡ್ಡಾಯವಾಗಿ ಎರಡು. ಪ್ರತಿ ಜಾಗದಿಂದ ಗಡಿಯಾರ ನೋಡಿಕೊಂಡು ಕೌಂಟರ್‌ವರೆಗೆ ನಡೆಯಿರಿ. 14 ಅಥವಾ 16 ನಿಮಿಷ ಬಂದರೆ ಮ್ಯಾಪ್ ಸರಿಯಾಗಿದೆ. 19 ಬಂದರೆ ಎಲ್ಲೋ ಒಂದು ಮುಚ್ಚಿದ ಗೇಟು ಅಥವಾ ದಾಟಲಾಗದ ರಸ್ತೆ ಲೆಕ್ಕಕ್ಕೆ ಸಿಕ್ಕಿಲ್ಲ. 11 ಬಂದರೆ ಮ್ಯಾಪ್‌ನಲ್ಲಿ ಇಲ್ಲದ ಓಣಿಯಲ್ಲಿ ನೀವು ಬಂದಿದ್ದೀರಿ, ಅದನ್ನು ಸೇರಿಸಿ. ಆ ಜಾಗದ ಜನರನ್ನು "ನೀವು ಯಾವ ಕಡೆಯಿಂದ ಹೋಗ್ತೀರಿ?" ಅಂತ ಕೇಳಲು ಮರೆಯಬೇಡಿ. ಗಂಟೆಗಟ್ಟಲೆ ಮ್ಯಾಪ್ ನೋಡಿದರೂ ಸಿಗದ ದಾರಿಗಳು ಆ ಒಂದು ಪ್ರಶ್ನೆಗೆ ಸಿಗುತ್ತವೆ.

ಮ್ಯಾಪ್‌ನ ಕೆಳಗೆ ಮೂರು ವಿಷಯ ಬರೆಯಿರಿ: ಯಾವ ವೇಗ, ಯಾವ ಗೇಟಿನಿಂದ, ರಸ್ತೆಗಳನ್ನು ಯಾವ ದಿನ ಇಳಿಸಿಕೊಂಡಿದ್ದು. ಗೆರೆಯ ಎರಡೂ ಕಡೆ 12 ಮತ್ತು 18 ನಿಮಿಷದ ಗೆರೆಗಳನ್ನು ತೆಳುವಾಗಿ ಹಾಕಿದರೆ, ಗೆರೆಯಿಂದ ಹತ್ತು ಮೀಟರ್ ಹೊರಗಿರುವ ಮನೆಯನ್ನು ಯಾರೂ "ಇದು ನಮ್ಮ ವ್ಯಾಪ್ತಿಗೆ ಬರಲ್ಲ" ಅಂತ ತಳ್ಳಿಹಾಕುವುದಿಲ್ಲ.

ಕೊನೆಯದಾಗಿ, ಈ ಫೈಲನ್ನು ಅಳಿಸಬೇಡಿ. ಒಂದು ಪ್ರತಿ ಮಾಡಿಕೊಂಡು, ಶುರುವಿನ ಬಿಂದುವನ್ನು ಕಾಂಪೌಂಡಿನ ಹಳಿಯ ಕಡೆಯ ಗೋಡೆಗೆ, ಸೇತುವೆಗೆ ಹತ್ತಿರವಾಗುವ ಹಾಗೆ ಸರಿಸಿ, ಮತ್ತೆ ಓಡಿಸಿ ನೋಡಿ. ಆ ಗೋಡೆಯಲ್ಲಿ ಒಂದು ಸಣ್ಣ ಗೇಟು ಇದ್ದು, ದಾರಿ 200 ಮೀಟರ್ ಕಮ್ಮಿಯಾದರೆ ಗಟ್ಟಿಮುಟ್ಟಾದವರ 17 ನಿಮಿಷ 14.5 ಆಗುತ್ತದೆ. ಹಳಿಯಾಚೆಯ ಅಷ್ಟೂ ಬೀದಿಗಳಿಗೆ ಎರಡೂವರೆ ನಿಮಿಷ ಉಳಿಯುತ್ತದೆ, ಅಜ್ಜಿಗೆ ನಾಲ್ಕಕ್ಕೂ ಜಾಸ್ತಿ. ನಿಮಗೆ ಕೆಲಸ ಕೊಟ್ಟವರ ಮುಂದೆ ಈ ಎರಡನೇ ಮ್ಯಾಪನ್ನೂ ಮೊದಲನೆಯದರ ಪಕ್ಕದಲ್ಲೇ ಇಡಿ.